60ರಲ್ಲಿ 23 ವಾಪಸ್ ಬಂತು: ಇದನ್ನು ಅರ್ಜಿಯಲ್ಲಿ ಹೇಗೆ ಬರೆಯೋದು?

ಪ್ರಶ್ನೆ: ಗೆಳೆಯನ ಜೊತೆ ಸೇರಿ ಕುಂಡದ ಗಿಡಕ್ಕೆ ತಾನಾಗಿಯೇ ನೀರು ಹಾಕುವ ಸಾಧನ ಮಾಡಿ ಮಾರಿದ್ದೆ. 60 ಮಾರಿದೆವು, 23 ವಾಪಸ್ ಬಂದವು, ಹತ್ತು ತಿಂಗಳಿಗೆ ಮುಚ್ಚಿದೆವು. ಈಗ ಎಂಬಿಎಗೂ ಎಂಜಿನಿಯರಿಂಗ್ ಎಂಎಸ್‌ಗೂ ಅರ್ಜಿ ಹಾಕುತ್ತಿದ್ದೇನೆ. ಸೋಲಿನಿಂದ ಕಲಿತೆ ಅಂತ ಬರೆದರೆ ನನಗೇ ಸಪ್ಪೆ ಅನಿಸುತ್ತದೆ. ಇದನ್ನು ಬರೆಯಲೇಬೇಕಾ? ಬರೆದರೆ ಹೇಗೆ? ಕರಡು ಮತ್ತು ಆಗಿನ ಲೆಕ್ಕದ ಹಾಳೆ ಜೊತೆಗಿಟ್ಟಿದ್ದೇನೆ.

ಉತ್ತರ: ಬರೆಯಿರಿ. ಆದರೆ ಈ ಕರಡನ್ನು ಬದಿಗಿಟ್ಟು, ಲೆಕ್ಕದ ಹಾಳೆಯಿಂದ ಶುರು ಮಾಡಿ. ಎರಡನ್ನೂ ಓದಿದೆ. ಕರಡಿನಲ್ಲಿ ನೀವು ಕಾಣಿಸುವುದಿಲ್ಲ, ಹಾಳೆಯಲ್ಲಿ ಚೆನ್ನಾಗಿ ಕಾಣಿಸುತ್ತೀರಿ.

ಕರಡಿನ ಮುಖ್ಯ ವಾಕ್ಯ ಇದು: "ಈ ಸೋಲು ನನಗೆ ಛಲ, ತಾಳ್ಮೆ ಮತ್ತು ತಂಡದ ಕೆಲಸದ ಬೆಲೆ ಕಲಿಸಿತು." ಒಂದು ಪರೀಕ್ಷೆ ಮಾಡಿ ನೋಡಿ. ಗಿಡದ ಸಾಧನ ತೆಗೆದು ಅಲ್ಲಿ ಬಟ್ಟೆ ಮಾರಾಟ ಅಂತ ಹಾಕಿ. ವಾಕ್ಯ ಹಾಗೇ ನಿಲ್ಲುತ್ತದೆ, ಒಂದಕ್ಷರವೂ ಬದಲಾಗಬೇಕಿಲ್ಲ. ಹಾಗೆ ಯಾರಿಗೆ ಬೇಕಾದರೂ ಹೊಂದುವ ವಾಕ್ಯವನ್ನು ಅರ್ಜಿ ಓದುವವರ ಕಣ್ಣು ನಿಲ್ಲದೆ ದಾಟಿಬಿಡುತ್ತದೆ. ಎಷ್ಟೋ ವರ್ಷ ಆ ಕುರ್ಚಿಯಲ್ಲಿ ಕೂತು ಓದಿದವನಾಗಿ ಹೇಳುತ್ತಿದ್ದೇನೆ. ಛಲ, ತಾಳ್ಮೆ ಎಂಬ ಮಾತು ಬಂತೆಂದರೆ ಮುಂದಿನ ಪ್ಯಾರಾಕ್ಕೆ ಹಾರುವುದು ಅಭ್ಯಾಸವೇ ಆಗಿಹೋಗಿತ್ತು.

ಕಲಿತದ್ದು ಅಂತ ಓದುವವರು ಒಪ್ಪಬೇಕಾದರೆ ಮೂರು ಸಂಗತಿ ಕಾಣಬೇಕು. ಆಗ ನೀವು ಏನನ್ನು ನಂಬಿದ್ದಿರಿ, ಆ ನಂಬಿಕೆಯನ್ನು ಮುರಿದದ್ದು ಯಾವುದು, ಆಮೇಲೆ ಯಾವ ಕೆಲಸವನ್ನು ಬೇರೆ ಥರ ಮಾಡಿದಿರಿ. ನಿಮ್ಮ ಕರಡಿನಲ್ಲಿ ಮೊದಲನೆಯದೂ ಇಲ್ಲ, ಎರಡನೆಯದೂ ಇಲ್ಲ. ಮೂರನೆಯದನ್ನು ನೀವು ಪತ್ರದ ಕೊನೆಯಲ್ಲಿ, "ಅಂದ ಹಾಗೆ" ಅಂತ ಹೇಳಿ ಮುಗಿಸಿದ್ದೀರಿ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಸೋತದ್ದು ಯಾಕೆ ಅನ್ನೋದು. ಕರಡು ಹೇಳುತ್ತದೆ: "ಸೆನ್ಸರ್‌ಗಳ ಗುಣಮಟ್ಟ ಕಳಪೆಯಾಗಿತ್ತು." ಇಲ್ಲಿ ನಿಂತರೆ ತಪ್ಪು ಸೆನ್ಸರ್ ಮಾಡಿದವನದು, ನೀವು ಕಲಿಯುವುದಕ್ಕೆ ಏನೂ ಉಳಿಯುವುದಿಲ್ಲ. ಹಾಳೆಯ ಕೊನೆಯ ಕಾಲಂನಲ್ಲಿ ಗಿರಾಕಿಗಳ ಮಾತನ್ನು ಹಾಗೇ ಬರೆದಿಟ್ಟಿದ್ದೀರಿ. "ಬೇರು ಕೊಳೆತಿದೆ." "ಮಣ್ಣು ಕೆಸರಾಗಿದ್ದರೂ ಪಂಪ್ ಓಡ್ತಾನೇ ಇದೆ." "ಸೆನ್ಸರ್‌ನ ಒಂದು ಕಾಲು ಕಪ್ಪಾಗಿ ತಿಂದುಹೋಗಿದೆ." ಇಡೀ ಕಥೆ ಈ ಮೂರು ಸಾಲಿನಲ್ಲಿದೆ.

ನೀವು ಹಾಕಿದ್ದು ಮಣ್ಣಿಗೆ ಚುಚ್ಚುವ ಎರಡು ಕಾಲಿನ ಸೆನ್ಸರ್. ಒಂದು ಕಾಲಿನಿಂದ ಇನ್ನೊಂದಕ್ಕೆ ಕರೆಂಟ್ ಎಷ್ಟು ಸಲೀಸಾಗಿ ಹೋಗುತ್ತದೆ ಅನ್ನುವುದರ ಮೇಲೆ ಅದು ತೇವ ಹೇಳುತ್ತದೆ. ಅದಕ್ಕೆ ನೀವು ಹಗಲು ರಾತ್ರಿ ಡಿಸಿ ಕರೆಂಟ್ ಕೊಟ್ಟೇ ಇಟ್ಟಿದ್ದಿರಿ. ಒದ್ದೆ ಮಣ್ಣಿನಲ್ಲಿ ಹೀಗೆ ಮಾಡಿದರೆ ವಿದ್ಯುದ್ವಿಭಜನೆ ನಡೆಯುತ್ತದೆ. ಪಾಸಿಟಿವ್ ಕಡೆಯ ಕಾಲಿನ ಲೋಹ ಕರಗಿ ಮಣ್ಣಿಗೆ ಸೇರುತ್ತದೆ. ಲೋಹ ಸವೆದಂತೆ ಕರೆಂಟ್ ಹೋಗುವುದು ಕಷ್ಟವಾಗುತ್ತದೆ. ಸಾಧನ ಅದನ್ನು "ಮಣ್ಣು ಒಣಗಿದೆ" ಅಂತ ಓದಿಕೊಂಡು ಪಂಪ್ ಓಡಿಸುತ್ತದೆ. ಗಿಡ ಸತ್ತದ್ದು ನೀರಿಲ್ಲದೆ ಅಲ್ಲ, ನೀರು ಜಾಸ್ತಿಯಾಗಿ. ಸೆನ್ಸರ್ ಅಗ್ಗದ್ದೇ ಇರಬಹುದು, ಆದರೆ ಅದನ್ನು ಸವೆಸಿದ್ದು ನಿಮ್ಮ ಸರ್ಕ್ಯೂಟ್.

ಎಂಎಸ್ ಅರ್ಜಿಗೆ ಇಷ್ಟನ್ನೇ ನಾಲ್ಕು ಸಾಲಿನಲ್ಲಿ ಬರೆದರೂ ಕರಡಿಗಿಂತ ಎಷ್ಟೋ ವಾಸಿ. ಆದರೆ ಇಲ್ಲೊಂದು ಎಚ್ಚರಿಕೆ. ಈ ಸವೆತ ಆ ಕ್ಷೇತ್ರದವರಿಗೆಲ್ಲ ಗೊತ್ತಿರುವ ವಿಷಯ. ಹಾರ್ವರ್ಡ್‌ನ ಪ್ರಾಧ್ಯಾಪಕಿ ಏಮಿ ಎಡ್ಮಂಡ್‌ಸನ್ 2011ರ ಒಂದು ಲೇಖನದಲ್ಲಿ ಸೋಲುಗಳನ್ನು ಮೂರು ಗುಂಪು ಮಾಡಿದರು. ತಡೆಯಬಹುದಾಗಿದ್ದವು, ಜಟಿಲ ವ್ಯವಸ್ಥೆಯಲ್ಲಿ ಹಲವು ಕಾರಣ ಕೂಡಿ ಆಗುವವು, ಯಾರಿಗೂ ಉತ್ತರ ಗೊತ್ತಿಲ್ಲದ ಕಡೆ ಪ್ರಯತ್ನ ಮಾಡುವಾಗ ಆಗುವವು. ಅರ್ಜಿ ಬರೆಯುವವರಿಗೆಲ್ಲ ತಮ್ಮ ಸೋಲು ಮೂರನೇ ಗುಂಪಿನದು ಅಂತ ತೋರಿಸುವ ಆಸೆ. ನಿಮ್ಮದು ಮೊದಲ ಗುಂಪಿನದು. "ಹೊಸ ದಾರಿ ತುಳಿದು ಎಡವಿದೆವು" ಅಂತ ಬರೆದರೆ, ಓದುವ ಪ್ರೊಫೆಸರ್ ಇಂಥ ಹತ್ತು ಸೆನ್ಸರ್ ಸವೆಸಿದವರಾಗಿದ್ದರೆ ಅಲ್ಲಿಗೆ ಮುಗಿಯಿತು. ತಡೆಯಬಹುದಾಗಿತ್ತು ಅಂತ ನೀವೇ ಹೇಳಿಬಿಡಿ. ಹೇಳಿದ ಮೇಲೆ "ಹಾಗಾದರೆ ತಡೆಯಲಿಲ್ಲ ಯಾಕೆ" ಅನ್ನುವ ಪ್ರಶ್ನೆ ತಾನಾಗಿ ಏಳುತ್ತದೆ. ನಿಮ್ಮ ನಿಜವಾದ ಕಲಿಕೆ ಇರುವುದು ಆ ಪ್ರಶ್ನೆಯ ಆಚೆ ಬದಿಯಲ್ಲಿ.

ಹಾಳೆಯ ಎರಡನೇ ಪುಟ ತೆಗೆಯಿರಿ. ಮಾರುವ ಮೊದಲು ಒಂದೇ ಕುಂಡದಲ್ಲಿ 14 ದಿನ ಪರೀಕ್ಷೆ ಮಾಡಿದ್ದೀರಿ. ದಿನಾ ನೀರು ಹಾಕಿ ಹತ್ತು ನಿಮಿಷದ ಮೇಲೆ ರೀಡಿಂಗ್ ಬರೆದಿದ್ದೀರಿ. ನಿಮ್ಮ ಸಾಧನದಲ್ಲಿ ಅಂಕಿ ಜಾಸ್ತಿಯಾದಷ್ಟೂ ಮಣ್ಣು ಒಣಗಿದೆ ಅಂತ ಅರ್ಥ, 600 ದಾಟಿದರೆ ಪಂಪ್ ಓಡುತ್ತದೆ. ಮೊದಲ ದಿನ ಒದ್ದೆ ಮಣ್ಣಿನ ರೀಡಿಂಗ್ 410. ಹದಿನಾಲ್ಕನೇ ದಿನ, ಅಷ್ಟೇ ನೀರು, ಅದೇ ಮಣ್ಣು, ರೀಡಿಂಗ್ 470. ಪಕ್ಕದಲ್ಲಿ ನಿಮ್ಮದೇ ಅಕ್ಷರ: "600ರ ಒಳಗೇ ಇದೆ, ಪರವಾಗಿಲ್ಲ."

ಮೊದಲ ದಿನದಿಂದ ಹದಿನಾಲ್ಕನೇ ದಿನಕ್ಕೆ, ಅಂದರೆ 13 ದಿನದಲ್ಲಿ, 60 ಏರಿದರೆ ದಿನಕ್ಕೆ ನಾಲ್ಕೂವರೆಗಿಂತ ಸ್ವಲ್ಪ ಜಾಸ್ತಿ. 410ರಿಂದ 600ಕ್ಕೆ ಇರುವ ದೂರ 190. ಅದೇ ವೇಗದಲ್ಲಿ ಹೋದರೆ ಸುಮಾರು 42ನೇ ದಿನಕ್ಕೆ ಒದ್ದೆ ಮಣ್ಣನ್ನೇ ಸಾಧನ ಒಣಗಿದ್ದು ಅನ್ನಬೇಕು. ಮೊದಲ ದೂರು ಬಂದದ್ದು ಗಿರಾಕಿ ಬಳಸಲು ಶುರುಮಾಡಿದ 47ನೇ ದಿನ. ಸವೆತ ಹೀಗೆ ನೇರ ಗೆರೆಯಲ್ಲೇ ಹೋಗಬೇಕೆಂದೇನೂ ಇಲ್ಲ, ಇಷ್ಟು ಹತ್ತಿರ ಬಂದದ್ದು ಸ್ವಲ್ಪ ಅದೃಷ್ಟವೂ ಹೌದು. ಆದರೂ ಒಂದು ಸ್ಕೇಲು, ಒಂದು ಪೆನ್ಸಿಲ್ ಇದ್ದಿದ್ದರೆ ಮೊದಲ ಸಾಧನ ಮಾರುವ ಮುಂಚೆಯೇ ಇದು ಕಾಣುತ್ತಿತ್ತು. ಈ ಪುಟ ನೋಡಿ ನಾನು ಪೇಪರ್ ಕೆಳಗಿಟ್ಟು ಒಂದು ನಿಮಿಷ ಸುಮ್ನೆ ಕೂತೆ. ಇಂಥ ಪುಟ ಕೈಯಲ್ಲಿ ಇಟ್ಟುಕೊಂಡು ಛಲ, ತಾಳ್ಮೆ ಅಂತ ಬರೆದಿದ್ದೀರಲ್ಲ!

ನಿಮ್ಮ ಹಳೆಯ ನಂಬಿಕೆ ಇದರಿಂದ ಬಯಲಾಗುತ್ತದೆ. ಅಂಕಿ ಮಿತಿಯ ಒಳಗಿದ್ದರೆ ಸಾಕು ಅಂದುಕೊಂಡಿದ್ದಿರಿ. ಅಂಕಿ ಯಾವ ಕಡೆ ಹೋಗುತ್ತಿದೆ ಅಂತ ನೋಡಲಿಲ್ಲ. ಜೊತೆಗೆ, ತಿಂಗಳುಗಟ್ಟಲೆ ಓಡಬೇಕಾದ ವಸ್ತುವನ್ನು ಎರಡು ವಾರ ನೋಡಿ ಪಾಸು ಮಾಡಿದಿರಿ. ಅರ್ಜಿಯಲ್ಲಿ ಇದು ಹೀಗೆ ಬರಬಹುದು, ನಿಮ್ಮ ಮಾತಿಗೆ ತಿದ್ದಿಕೊಳ್ಳಿ:

"ಹದಿನಾಲ್ಕು ದಿನದ ಪರೀಕ್ಷೆಯಲ್ಲಿ ರೀಡಿಂಗ್ 410ರಿಂದ 470ಕ್ಕೆ ಏರಿತ್ತು. ಮಿತಿ 600 ಆಗಿದ್ದರಿಂದ ನಾನು 'ಪರವಾಗಿಲ್ಲ' ಎಂದು ಬರೆದು ಮಾರಾಟಕ್ಕೆ ಹೋದೆ. ಆ ಏರಿಕೆಯನ್ನು ಮುಂದಕ್ಕೆ ಎಳೆದಿದ್ದರೆ ಆರೇಳು ವಾರದಲ್ಲಿ ಸಾಧನ ಗಿಡವನ್ನು ಮುಳುಗಿಸುತ್ತದೆ ಎಂದು ಆಗಲೇ ತಿಳಿಯುತ್ತಿತ್ತು. ಏಳನೇ ವಾರದಲ್ಲಿ ಮೊದಲ ಗಿಡ ಸತ್ತಿತು."

ನೋಡಿ, ಇದರಲ್ಲಿ ಕಲಿತೆ ಅನ್ನುವ ಪದವೇ ಇಲ್ಲ.

ಇಲ್ಲಿ ಒಂದು ಬಲೆ ಇದೆ. ಮುಗಿದ ಮೇಲೆ ಹಿಂತಿರುಗಿ ನೋಡಿದರೆ ಎಲ್ಲವೂ ಮೊದಲೇ ಗೊತ್ತಿತ್ತು ಅನಿಸುತ್ತದೆ. ಮನಶ್ಶಾಸ್ತ್ರಜ್ಞ ಬಾರೂಕ್ ಫಿಶ್‌ಹಾಫ್ 1975ರಲ್ಲೇ ಇದನ್ನು ಪ್ರಯೋಗ ಮಾಡಿ ತೋರಿಸಿದ್ದಾರೆ. ಫಲಿತಾಂಶ ತಿಳಿದವರಿಗೆ, ಅದು ಹಾಗೇ ಆಗುವುದಿತ್ತು ಅಂತ ತೋರುತ್ತದೆ. ಹಾಗಾಗಿ "ನನಗೆ ಒಳಗೊಳಗೇ ಅನುಮಾನವಿತ್ತು" ಅಂತ ಬರೆಯಬೇಡಿ. ಅದನ್ನು ಯಾರೂ ನಂಬುವುದಿಲ್ಲ, ನೀವೂ ನಂಬಬಾರದು. ಆ ದಿನ ಬರೆದದ್ದು "ಪರವಾಗಿಲ್ಲ" ಅಂತ. ಅದನ್ನೇ ಬರೆಯಿರಿ. ತಾರೀಕು ಇರುವ ಹಾಳೆ, ಮೆಸೇಜು, ಬಿಲ್ಲು, ಇವು ಆಗಿನ ನಿಮ್ಮನ್ನು ಈಗಿನ ನಿಮ್ಮಿಂದ ಕಾಪಾಡುತ್ತವೆ.

ಎಂಬಿಎ ಅರ್ಜಿಗೆ ಇದೇ ಕಥೆಯನ್ನು ಇನ್ನೊಂದು ಜಾಗದಲ್ಲಿ ಕೊಯ್ಯಬೇಕು. ಅಲ್ಲಿ ಓದುವವರಿಗೆ ಲೋಹ ಕರಗಿದ್ದರಲ್ಲಿ ಅಷ್ಟು ಆಸಕ್ತಿ ಇರುವುದಿಲ್ಲ, ಅದು ಒಂದು ವಾಕ್ಯದಲ್ಲಿ ಮುಗಿಯಲಿ. ಅವರು ಹುಡುಕುವುದು ನೀವು ತೆಗೆದುಕೊಂಡ ಒಂದು ತೀರ್ಮಾನ. ನಿಮ್ಮ ಹಾಳೆಯಲ್ಲಿ ಅಂಥದ್ದೊಂದಿದೆ, ಕರಡಿನಲ್ಲಿ ಅದರ ಸುಳಿವೂ ಇಲ್ಲ. 35 ಸಾಧನ ಹೋಗಿದ್ದವು, 9 ವಾಪಸ್ ಬಂದಿದ್ದವು. ಆ ವಾರ ಕೂತು ಮಾತಾಡಿ, ಉಳಿದ 25ನ್ನೂ ಕಳಿಸಿದಿರಿ. ಯಾಕೆ?

ನೀವು ಕೊಟ್ಟ ಲೆಕ್ಕವನ್ನೇ ಹಿಡಿಯೋಣ, ಮಾರುವ ಬೆಲೆ 100 ಅಂದುಕೊಂಡು. ಬಿಡಿಭಾಗಕ್ಕೆ 55, ಪ್ಯಾಕಿಂಗ್ ಮತ್ತು ಸಾಗಣೆಗೆ 15, ಉಳಿಯುವುದು 30. ಒಂದು ವಾಪಸ್ ಬಂದರೆ ತರಿಸಿಕೊಳ್ಳಲು 15, ಬದಲಿಗೆ ಹೊಸದು ಕಳಿಸಲು ಮತ್ತೆ 55 ಮತ್ತು 15, ಒಟ್ಟು 85 ಹೋಗುತ್ತದೆ. 30ನ್ನು 85ರಿಂದ ಭಾಗಿಸಿ, ನೂರಕ್ಕೆ 35 ಬರುತ್ತದೆ. ನೂರರಲ್ಲಿ 35ಕ್ಕಿಂತ ಜಾಸ್ತಿ ವಾಪಸ್ ಬಂದರೆ ಕೈಯಿಂದ ಹೋಗುತ್ತದೆ ಅಂತ ಅರ್ಥ. 35ರಲ್ಲಿ 9 ಅಂದರೆ ನೂರಕ್ಕೆ 26. ಹಾಗಾಗಿ "ಇನ್ನೂ ಲಾಭದಲ್ಲೇ ಇದ್ದೇವೆ" ಅಂದುಕೊಂಡಿರಿ. ಒಂದೊಂದಕ್ಕೂ ನೀವಿಬ್ಬರು ಹಾಕಿದ ಮೂರು ಗಂಟೆ ಕೆಲಸ ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಅದನ್ನು ಹಿಡಿದರೆ ಶುರುವಿನಿಂದಲೂ ಲಾಭವಿರಲಿಲ್ಲ. ಸದ್ಯಕ್ಕೆ ಅದನ್ನು ಬಿಡಿ.

ಲೆಕ್ಕ ತಪ್ಪಿದ್ದು ಇನ್ನೊಂದು ಕಡೆ. ಆ 35ರಲ್ಲಿ 19 ಸಾಧನ ಗಿರಾಕಿ ಕೈ ಸೇರಿ 47 ದಿನವೂ ಆಗಿರಲಿಲ್ಲ. ಅವು ಕೆಡುವ ವಯಸ್ಸಿಗೇ ಬಂದಿರಲಿಲ್ಲ. ವಯಸ್ಸಿಗೆ ಬಂದವು 16. ವಾಪಸ್ ಬಂದ ಒಂಬತ್ತೂ ಆ ಹದಿನಾರರೊಳಗಿನವೇ. ಅಂದರೆ ನಿಜವಾದ ದರ ನೂರಕ್ಕೆ 56, ಅರ್ಧಕ್ಕಿಂತ ಜಾಸ್ತಿ. ಹೊಸ ಸಾಧನಗಳನ್ನು ಒಟ್ಟು ಸಂಖ್ಯೆಗೆ ಸೇರಿಸಿ ಭಾಗಿಸಿದ್ದರಿಂದ ರೋಗ ಕಡಿಮೆ ಕಂಡಿತು. ಮಾರಾಟ ಬೆಳೆಯುತ್ತಿರುವಾಗ ವಾಪಸಾತಿಯ ದರ ಯಾವಾಗಲೂ ಹೀಗೆ ಮೋಸ ಮಾಡುತ್ತದೆ. ಇದನ್ನು ದೊಡ್ಡ ಕಂಪನಿಗಳ ಮೀಟಿಂಗಿನಲ್ಲೂ ಜನ ತಪ್ಪು ಮಾಡುವುದನ್ನು ನೋಡಿದ್ದೇನೆ. ಇನ್ನೊಂದು ವಿಷಯ, ಹೇಳಲು ನನಗೇ ಸ್ವಲ್ಪ ಕಷ್ಟ: ಕೆಟ್ಟದ್ದಕ್ಕೆ ಬದಲಾಗಿ ನೀವು ಕಳಿಸಿದ್ದೂ ಅದೇ ಸರ್ಕ್ಯೂಟಿನ ಸಾಧನ. ಅದೂ ಏಳು ವಾರಕ್ಕೆ ಕೆಡುವುದೇ.

ಪತ್ರದಲ್ಲಿ ಕಾರಣ ಹೇಳಿದ್ದೀರಿ, ಆ 25 ಜನ ಮುಂಗಡ ಕೊಟ್ಟಿದ್ದರು, ದುಡ್ಡು ಬಿಡಿಭಾಗಕ್ಕೆ ಖರ್ಚಾಗಿತ್ತು, ಹಿಂದಿರುಗಿಸಲು ಇರಲಿಲ್ಲ. ಎಂಬಿಎ ಪ್ರಬಂಧದ ನಡುಮಧ್ಯೆ ಕೂರಬೇಕಾದ ವಾಕ್ಯ ಇದೇ. ಕೈಯಲ್ಲಿ ದುಡ್ಡಿಲ್ಲದ್ದರಿಂದ, ಕೆಡಬಹುದು ಅಂತ ಗೊತ್ತಿದ್ದ ವಸ್ತುವನ್ನು ಕಳಿಸಿದಿರಿ. ಇದು ಒಳ್ಳೆಯ ತೀರ್ಮಾನವಲ್ಲ. ಅದನ್ನು ಮೆದು ಮಾಡಿ "ಆರ್ಥಿಕ ಅಡಚಣೆಗಳ ನಡುವೆ" ಅಂತ ಬರೆದರೆ ಓದುವವರಿಗೆ ಬಚ್ಚಿಟ್ಟದ್ದು ತಿಳಿಯುತ್ತದೆ. ಹೇಗಿತ್ತೋ ಹಾಗೆ ಬರೆಯಿರಿ, ಎರಡೇ ಸಾಲು, ಅಳು ಬೇಡ. ತಕ್ಷಣ ಮುಂದಿನ ಸಾಲಿನಲ್ಲಿ ಆಮೇಲೆ ಮಾಡಿದ್ದನ್ನು ಹೇಳಿ. ಹಾಳೆಯ ಪ್ರಕಾರ 23ನೆಯದು ವಾಪಸ್ ಬಂದ ದಿನ ಉಳಿದ 37 ಜನಕ್ಕೂ ನೀವೇ ಬರೆದು, ಪ್ಲಗ್ ತೆಗೆದಿಡಿ ಅಂತ ತಿಳಿಸಿದ್ದೀರಿ. ಕರಡಿನಲ್ಲಿ ಇದೂ ಇಲ್ಲ! ಯಾಕೆ ಬಿಟ್ಟಿರೋ ಗೊತ್ತಾಗಲಿಲ್ಲ. ನಾಚಿಕೆ ಅನಿಸಿರಬೇಕು. ಓದುವವರಿಗೆ ನಿಮ್ಮ ಮೇಲೆ ಭರವಸೆ ಹುಟ್ಟುವುದು ಆ 37 ಮೆಸೇಜುಗಳಿಂದಲೇ.

ಈಗ ಆ "ಅಂದ ಹಾಗೆ" ವಿಷಯ. ಈಗಿನ ಕೆಲಸದಲ್ಲಿ ಪರೀಕ್ಷೆಯ ಹಾಳೆಯ ತಲೆಯ ಮೇಲೆ ನೀವು ಎರಡು ಸಾಲು ಸೇರಿಸಿದ್ದೀರಂತೆ: ಇದು ಎಷ್ಟು ದಿನ ಬದುಕಬೇಕು, ನಾವು ಎಷ್ಟು ದಿನ ನೋಡಿದ್ದೇವೆ. ಅದರಿಂದ ಒಂದು ಬಿಡುಗಡೆ ಎರಡು ವಾರ ತಡವಾಯಿತು, ಮೇಲಿನವರು ಗೊಣಗಿದರು, ಕೊನೆಗೆ ಯಾವ ದೋಷವೂ ಸಿಗಲಿಲ್ಲ. "ಏನೂ ಸಿಗದ್ದರಿಂದ ಬರೆಯಲಿಲ್ಲ" ಅಂದಿದ್ದೀರಿ. ಇದನ್ನು ಖಂಡಿತ ಬರೆಯಿರಿ. ಸೋಲು ಕಲಿಸಿತು ಅನ್ನುವುದಕ್ಕೆ ನಿಮ್ಮ ಬಳಿ ಇರುವ ಒಂದೇ ಸಾಕ್ಷಿ ಇದು. ದೋಷ ಸಿಗಲಿಲ್ಲ ಅನ್ನುವುದನ್ನೂ ಸೇರಿಸಿ. ಪರೀಕ್ಷೆ ಮಾಡಿದಾಗಲೆಲ್ಲ ದೋಷ ಸಿಗುವುದು ಪ್ರಬಂಧಗಳಲ್ಲಿ ಮಾತ್ರ.

ಎಂಎಸ್ ಅರ್ಜಿಗೆ ಇನ್ನೊಂದು ಸಾಕ್ಷಿಯನ್ನು ನೀವು ಈಗಲೂ ಮಾಡಿಕೊಳ್ಳಬಹುದು. ಕೊನೆಯ ದಿನಾಂಕಕ್ಕೆ ಮೂರು ತಿಂಗಳಿದೆ ಅಂದಿದ್ದೀರಿ, ಅದು 42 ದಿನದ ಎರಡರಷ್ಟಕ್ಕೂ ಜಾಸ್ತಿ. ಮೂಲೆಯಲ್ಲಿ ಬಿದ್ದಿರುವ ಸಾಧನಗಳಲ್ಲಿ ಎರಡನ್ನು ತೆಗೆಯಿರಿ. ಒಂದಕ್ಕೆ ಮೊದಲಿನಂತೆ ಸದಾ ಕರೆಂಟ್ ಇರಲಿ. ಇನ್ನೊಂದಕ್ಕೆ ಗಂಟೆಗೊಮ್ಮೆ, ರೀಡಿಂಗ್ ತೆಗೆಯುವ 50 ಮಿಲಿಸೆಕೆಂಡ್ ಮಾತ್ರ ಕರೆಂಟ್ ಕೊಡಿ. ಒಂದು ಗಂಟೆಯಲ್ಲಿ 3600 ಸೆಕೆಂಡ್, ಹಾಗಾಗಿ ಕರೆಂಟ್ ಹರಿಯುವ ಸಮಯ 72,000 ಪಟ್ಟು ಕಡಿಮೆಯಾಗುತ್ತದೆ. ಬಾಳಿಕೆ ಅಷ್ಟು ಪಟ್ಟು ಜಾಸ್ತಿಯಾಗುತ್ತದೆ ಅಂತ ಮಾತ್ರ ಬರೆಯಬೇಡಿ, ಕರೆಂಟ್ ಇಲ್ಲದಿದ್ದರೂ ಒದ್ದೆ ಮಣ್ಣು ಲೋಹವನ್ನು ತನ್ನ ಪಾಡಿಗೆ ತಿನ್ನುತ್ತಿರುತ್ತದೆ. ಸಾಧ್ಯವಾದರೆ ಮೂರನೇ ಕುಂಡಕ್ಕೆ ಲೋಹ ಮಣ್ಣಿಗೆ ತಾಗದ ಕೆಪಾಸಿಟಿವ್ ಸೆನ್ಸರ್ ಹಾಕಿ. ಮೂರು ಗೆರೆಗಳ ಒಂದು ಗ್ರಾಫ್ ಬರುತ್ತದೆ. ಎಂಎಸ್‌ನ ಉದ್ದೇಶ ಪತ್ರದಲ್ಲಿ ಅದರಿಂದ ನೇರವಾಗಿ ನಿಮ್ಮ ಓದಿನ ಪ್ರಶ್ನೆಗೆ ಹೋಗಬಹುದು: ಕಡಿಮೆ ದಿನದ ಪರೀಕ್ಷೆಯಿಂದ ಹೆಚ್ಚು ದಿನದ ಬಾಳಿಕೆಯನ್ನು ಎಷ್ಟು ನಂಬಿಕೆಯಿಂದ ಹೇಳಬಹುದು? ಇದರ ಮೇಲೆ ಕೆಲಸ ಮಾಡುವ ಪ್ರೊಫೆಸರ್‌ಗಳು ಇದ್ದಾರೆ, ವಿಶ್ವಾಸಾರ್ಹತೆ ಎಂಜಿನಿಯರಿಂಗ್ ಅಂತ ಅದೊಂದು ಇಡೀ ಶಾಖೆ.

ಅಳತೆಯ ಬಗ್ಗೆ ಎರಡು ಮಾತು. 500 ಪದ ಇದ್ದರೆ ಸಾಧನ ಏನು, ಎಷ್ಟು ಮಾರಿದಿರಿ ಅನ್ನುವುದಕ್ಕೆ 60 ಪದ ಸಾಕು. ನಿಮ್ಮ ಕರಡಿನಲ್ಲಿ ಅದೇ 240 ಇದೆ. ಉಳಿದದ್ದು ಆ ಒಂದು ಕ್ಷಣಕ್ಕೆ ಮತ್ತು ಆಮೇಲೆ ಬದಲಾದ ಕೆಲಸಕ್ಕೆ. ಎಂಎಸ್‌ಗೆ ಆ ಕ್ಷಣ "ಪರವಾಗಿಲ್ಲ" ಅಂತ ಬರೆದ ದಿನ, ಎಂಬಿಎಗೆ 25 ಸಾಧನ ಕಳಿಸಿದ ವಾರ. ಎರಡನ್ನೂ ಒಂದೇ ಪ್ರಬಂಧದಲ್ಲಿ ತುರುಕಬೇಡಿ. ಬಯೋಡೇಟಾದಲ್ಲಿ "ಸ್ಥಾಪಕ ಮತ್ತು ಸಿಇಒ" ಅಂತ ಇದೆ, ಇಬ್ಬರೇ ಇದ್ದ ಕಡೆ ಸಿಇಒ ಯಾಕೆ? "ಇಬ್ಬರಲ್ಲೊಬ್ಬ, ಸರ್ಕ್ಯೂಟ್ ಮತ್ತು ಲೆಕ್ಕ ನೋಡಿಕೊಂಡೆ" ಅಂದರೆ ಸಾಕು.

ಕರಡಿನ ಕೊನೆಯಲ್ಲಿ "ಪಾಲುದಾರನೊಂದಿಗಿನ ಭಿನ್ನಾಭಿಪ್ರಾಯ"ವೂ ಮುಚ್ಚಲು ಒಂದು ಕಾರಣ ಅಂತ ಬರೆದಿದ್ದೀರಿ. ಇಂಟರ್ವ್ಯೂನಲ್ಲಿ ಬರುವ ಮೊದಲ ಪ್ರಶ್ನೆ ಇದರ ಮೇಲೆಯೇ: "ನಿಮ್ಮ ಗೆಳೆಯನನ್ನು ಕೇಳಿದರೆ ಅವರು ಏನು ಹೇಳುತ್ತಾರೆ?" ಆ 25ನ್ನು ಕಳಿಸುವುದು ಬೇಡ ಅಂದವರು ಅವರಾ, ನೀವಾ? ನೀವು ಕೊಟ್ಟ ಹಾಳೆಯಿಂದ ನನಗೆ ಅದು ತಿಳಿಯಲಿಲ್ಲ. ಬೇಡ ಅಂದದ್ದು ಅವರಾಗಿದ್ದರೆ ಅದು ಪ್ರಬಂಧದಲ್ಲಿ ಬರಲೇಬೇಕು. ಹೊಸ ಕರಡು ಆದ ಮೇಲೆ ನನಗೆ ಕಳಿಸುವ ಮುಂಚೆ ಅವರಿಗೆ ಕಳಿಸಿ. ಅವರು ಯಾವ ಸಾಲಿನ ಕೆಳಗೆ ಗೆರೆ ಎಳೆದರು ಅನ್ನುವುದನ್ನೂ ಸೇರಿಸಿ ನನಗೆ ಬರೆಯಿರಿ.